ಪಿಂಕಿ ಕೇಸು: ಹದಿನೈದು ವರ್ಷದ ನಾಯಿ, ರಾತ್ರಿ ಎರಡು ಗಂಟೆ ಓಡಾಟ, ಮೇಷ್ಟ್ರ ನೋಟ್‌ಬುಕ್ಕು

ನಾನು ಶಿವಮೊಗ್ಗದಲ್ಲಿ ನಾಯಿ ಬೆಕ್ಕು ನೋಡೋ ಡಾಕ್ಟ್ರು, ಸಣ್ಣ ಕ್ಲಿನಿಕ್ಕು. ಈ ಕೇಸನ್ನ ಮನೆಯವರ ಒಪ್ಪಿಗೆ ತಗೊಂಡೇ ಬರೀತಿದೀನಿ, ನಾಯಿ ಹೆಸರು ಮಾತ್ರ ಬದಲಾಯಿಸಿದೀನಿ. ಹೋದ ವರ್ಷದ ಹಿಂದಿನ ದೀಪಾವಳಿ ಮುಗಿದು ಒಂದು ವಾರ ಆಗಿತ್ತು, ರಿಟೈರ್ಡ್ ಲೆಕ್ಕದ ಮೇಷ್ಟ್ರು ಒಬ್ರು ಅವರ ಹೆಂಡತಿ ಜೊತೆ ಪಿಂಕಿನ ಟವೆಲ್‌ನಲ್ಲಿ ಸುತ್ಕೊಂಡು ಬಂದ್ರು. ಪಿಂಕಿ ಅಂದ್ರೆ ನಮ್ಮ ಕಡೆ ಎಲ್ಲರೂ ಪಾಮೇರಿಯನ್ ಅಂತ ಕರೆಯೋ ಇಂಡಿಯನ್ ಸ್ಪಿಟ್ಜ್, ಹೆಣ್ಣು, ಹದಿನೈದು ವರ್ಷ, ತೂಕ 8.6 ಕೆಜಿ. ಅದಕ್ಕೆ ಹಿಂದಿನ ವರ್ಷ 9.2 ಇತ್ತು ಅಂತ ನನ್ನ ಕಾರ್ಡಲ್ಲೇ ಬರ್ದಿತ್ತು.

ಮೇಷ್ಟ್ರ ದೂರು ಏನಂದ್ರೆ ಪಟಾಕಿಗೆ ಹೆದರಿದೆ, ರಾತ್ರಿ ಒಂದೂವರೆ ಎರಡಕ್ಕೆ ಎದ್ದು ಹಾಲು, ಅಡುಗೆಮನೆ, ಮತ್ತೆ ಹಾಲು ಅಂತ ಉಗುರು ಟಕ್ ಟಕ್ ಅನ್ನಿಸ್ಕೊಂಡು ನಾಲ್ಕರವರೆಗೂ ಓಡಾಡ್ತದೆ, ಬೀರು ಹಿಂದೆ ಹೋಗಿ ಸಿಕ್ಕಾಕ್ಕೊಂಡು ಹಿಂದೆ ಬರೋಕೆ ಗೊತ್ತಾಗ್ದೆ ಕುಯ್ಯ್ ಅಂತದೆ, ದೇವರ ಕೋಣೆ ಹೊಸ್ತಿಲಲ್ಲಿ ಎರಡು ಸಲ ಉಚ್ಚೆ ಹೊಯ್ದಿದೆ. ಪಕ್ಕದ ಮನೆಯವರು ಏನೋ ಗಾಳಿ ಗೀಳಿ ಕಂಡಿರ್ಬೇಕು, ಗೋಡೆ ನೋಡ್ಕೊಂಡು ನಿಲ್ತದಲ್ಲ ಅಂದಿದ್ರಂತೆ. ಮೇಷ್ಟ್ರು ಅದನ್ನ ನಂಬೋ ಪೈಕಿ ಅಲ್ಲ, ಆದ್ರೆ ಅವರು ಮಾಡಿದ್ದು ಅದಕ್ಕಿಂತ ಅಪಾಯದ ಕೆಲಸ. ತಮ್ಮದೇ ನಿದ್ದೆ ಮಾತ್ರೆ, ಆಲ್ಪ್ರಜೋಲಾಮ್, ಅರ್ಧ ಮುರಿದು ಅನ್ನದಲ್ಲಿ ಕೊಟ್ಟಿದ್ರು. ಅವತ್ತು ರಾತ್ರಿ ಪಿಂಕಿ ಮಲಗೋದು ಹೋಗ್ಲಿ, ಕಾಲು ಎಳ್ಕೊಂಡು ತೂರಾಡ್ತಾ ಗೋಡೆಗೆ ತಲೆ ಹೊಡ್ಕೊಂಡು ಇನ್ನೂ ಜೋರಾಗಿ ಕೂಗಿದೆ. ಆ ಜಾತಿ ಮಾತ್ರೆ ಕೆಲವು ನಾಯಿಗಳಿಗೆ ಉಲ್ಟಾ ಹೊಡೆಯುತ್ತೆ, ಮೊದಲೇ ಗಲಿಬಿಲಿ ಇರೋ ಮುದಿ ನಾಯಿಗೆ ಇರೋ ಸ್ವಲ್ಪ ನೆನಪೂ ಮಂಕಾಗ್ತದೆ.

ನಾನು ಮೊದಲು ಕೇಳೋದು ಯಾವಾಗ್ಲೂ ಒಂದೇ ಪ್ರಶ್ನೆ, ಇದು ಒಂದೆರಡು ದಿನದಲ್ಲಿ ಶುರುವಾಯ್ತಾ, ನಿಧಾನಕ್ಕೆ ಬಂತಾ? ದೀಪಾವಳಿಗೆ ಶುರುವಾಯ್ತು ಅಂದ್ರು ಮೇಷ್ಟ್ರು. ಅವರ ಹೆಂಡತಿ, ನಾನು ಅಮ್ಮ ಅಂತ ಕರೆಯೋದು, ಸುಮ್ನೆ ಕೂತಿದ್ದವರು ತಡೆದ್ರು. "ಇಲ್ಲ ಕಣ್ರೀ, ಯುಗಾದಿಯಿಂದನೇ ಗೇಟ್ ಸದ್ದಾದ್ರೂ ಎದ್ದು ಬರ್ತಿರ್ಲಿಲ್ಲ. ಬೇಸಿಗೇಲಿ ಬಾಗಿಲು ತೆಗೀಲಿ ಅಂತ ಹಿಂಜ್ ಇರೋ ಕಡೆ ನಿಂತ್ಕೊಳ್ತಿದ್ಲು. ನಾನು ಹೇಳ್ದೆ, ನೀವು ವಯಸ್ಸಾಯ್ತು ಬಿಡು ಅಂದ್ರಿ." ನನಗೆ ಬೇಕಾಗಿದ್ದು ಇದೇ. ಬಾಗಿಲ ತಪ್ಪು ಕಡೆ ನಿಂತು ಕಾಯೋದು, ಮೂಲೇಲಿ ಸಿಕ್ಕಾಕ್ಕೊಳ್ಳೋದು, ಮನೆಯವರನ್ನ ಎದುರುಗೊಳ್ಳೋದು ನಿಲ್ಲಿಸೋದು, ಹಗಲು ರಾತ್ರಿ ಅದಲು ಬದಲು, ಹೊರಗೆ ಹೋಗೋ ಅಭ್ಯಾಸ ಇರೋ ನಾಯಿ ಒಳಗೇ ಉಚ್ಚೆ ಮಾಡೋದು, ಕಾರಣ ಇಲ್ದೆ ಗಾಬರಿ, ಇವು ತಿಂಗಳುಗಟ್ಟಲೆ ಒಂದೊಂದಾಗಿ ಸೇರ್ಕೊಂಡು ಬಂದ್ರೆ ನಾಯಿಗಳ ಅರಳು ಮರಳು ಅಂತ ಅನುಮಾನ ಪಡ್ಬೇಕು. ವೈದ್ಯರ ಭಾಷೇಲಿ ಕಾಗ್ನಿಟಿವ್ ಡಿಸ್‌ಫಂಕ್ಷನ್ ಸಿಂಡ್ರೋಮ್. ಅಪರೂಪದ್ದೇನಲ್ಲ. ಅಮೆರಿಕದ ಡೇವಿಸ್‌ನ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯವರು 2001ರಲ್ಲಿ ಬರೆದ ಲೆಕ್ಕದ ಪ್ರಕಾರ 11-12 ವರ್ಷದ ನಾಯಿಗಳಲ್ಲಿ 28%, 15-16 ವರ್ಷದವುಗಳಲ್ಲಿ 68% ನಾಯಿಗಳಿಗೆ ಇಂಥ ಲಕ್ಷಣ ಒಂದಾದ್ರೂ ಇತ್ತು. ಪಿಂಕಿ ವಯಸ್ಸಿಗೆ ಇಲ್ದಿದ್ರೇನೆ ಆಶ್ಚರ್ಯ.

ಆದ್ರೆ ಇಲ್ಲೇ ನಮ್ಮವರೂ ಮನೆಯವರೂ ಇಬ್ಬರೂ ಎಡವೋದು. ಅರಳು ಮರಳು ಅಂತ ಹೆಸರಿಟ್ಟು ಕೈತೊಳ್ಕೊಂಡು ಬಿಡ್ತೀವಿ. ಇದಕ್ಕೆ ರಕ್ತದಲ್ಲಿ ಕಾಣೋ ಟೆಸ್ಟ್ ಇಲ್ಲ, ಬೇರೆ ಎಲ್ಲ ಕಾರಣ ಒಂದೊಂದಾಗಿ ತೆಗೆದು ಹಾಕಿದ ಮೇಲೆ ಉಳಿಯೋದೇ ಇದು. ರಾತ್ರಿ ಓಡಾಡೋ ಮುದಿ ನಾಯಿಗೆ ಸೊಂಟ ನೋಯ್ತಿರಬಹುದು, ಉಚ್ಚೆ ಉರಿ ಇರಬಹುದು, ಕಿಡ್ನಿ ಸೋತು ನೀರು ಜಾಸ್ತಿ ಕುಡಿತಿರಬಹುದು, ಬಿಪಿ ಏರಿ ಕಣ್ಣು ಹೋಗಿರಬಹುದು, ಹಾರ್ಟ್ ತೊಂದ್ರೆಯಿಂದ ಮಲಗಿದ್ರೆ ಉಸಿರು ಕಟ್ತಿರಬಹುದು. ತುರಿಕೆಗೆ ಅಂತ ಯಾರೋ ಸ್ಟೆರಾಯ್ಡ್ ಮಾತ್ರೆ ಬರ್ದು ಕೊಟ್ಟಿದ್ರೂ ನಾಯಿ ನೀರು ಕುಡ್ದು ಕುಡ್ದು ಏದುಸಿರು ಬಿಟ್ಕೊಂಡು ರಾತ್ರಿ ಎಲ್ಲ ಓಡಾಡುತ್ತೆ. ಪಿಂಕಿಗೆ ಅದು ಇರಲಿಲ್ಲ, ಕೇಳ್ದೆ.

ಮಗಳು ಬೆಂಗಳೂರಿಂದ ಬಂದಾಗ ಮೊಬೈಲಲ್ಲಿ ವಿಡಿಯೋ ಮಾಡಿದ್ಲು, ಅದು ಅರ್ಧ ಕೆಲಸ ಮಾಡ್ತು. ಪಿಂಕಿ ಸುತ್ತು ಹಾಕ್ತಿತ್ತು ನಿಜ, ಆದ್ರೆ ಎಡಕ್ಕೂ ಬಲಕ್ಕೂ ಎರಡೂ ಕಡೆ. ಯಾವಾಗ್ಲೂ ಒಂದೇ ಕಡೆ ಸುತ್ತಿದ್ರೆ, ತಲೆ ಒಂದು ಪಕ್ಕಕ್ಕೆ ವಾಲಿದ್ರೆ, ಗೋಡೆಗೆ ತಲೆ ಒತ್ತಿ ಒತ್ತಿ ನಿಂತ್ರೆ, ಹೊಸದಾಗಿ ಫಿಟ್ಸ್ ಬಂದ್ರೆ ಮಿದುಳಲ್ಲಿ ಗಡ್ಡೆ ಅಥವಾ ಕಿವಿಯ ಒಳಭಾಗದ ತೊಂದ್ರೆ ಅಂತ ಬೇರೆ ದಾರಿ ಹಿಡೀಬೇಕು, ಸ್ಕ್ಯಾನ್ ಮಾತು ಬರುತ್ತೆ. ವಿಡಿಯೋದಲ್ಲಿ ನನಗೆ ಕಂಡ ಇನ್ನೊಂದು ಏನಂದ್ರೆ ಪಿಂಕಿ ಎರಡು ಸಲ ಮಲಗೋಕೆ ನೋಡುತ್ತೆ, ಹಿಂಗಾಲು ಮಡಿಸುತ್ತೆ, ಅರ್ಧಕ್ಕೆ ನಿಲ್ಲಿಸಿ ಮತ್ತೆ ಎದ್ದು ನಡೆಯುತ್ತೆ. ಇದು ಮರೆವಲ್ಲ, ನೋವು. ಟೇಬಲ್ ಮೇಲೆ ನಿಲ್ಲಿಸಿ ಹಿಂಗಾಲು ಹಿಂದಕ್ಕೆ ಚಾಚಿದಾಗ ತಿರುಗಿ ನನ್ನ ಕೈ ಮೂಸಿತು, ಹದಿನೈದು ವರ್ಷದಲ್ಲಿ ಒಂದು ಸಲಾನೂ ಹಲ್ಲು ತೋರಿಸದೇ ಇರೋ ನಾಯಿ ತುಟಿ ಎತ್ತಿತು.

ಕಣ್ಣಲ್ಲಿ ನೀಲಿ ಮಸುಕು ಇತ್ತು, ವಯಸ್ಸಿಗೆ ಬರೋ ಮಸುಕು ಅಷ್ಟೇ, ಪೊರೆ ಅಲ್ಲ, ಬೆಳಕಲ್ಲಿ ಪರವಾಗಿಲ್ಲ ಕತ್ತಲಲ್ಲಿ ಕಷ್ಟ. ಕಿವಿ ಹೆಚ್ಚು ಕಮ್ಮಿ ಹೋಗಿತ್ತು, ಹಿಂದೆ ನಿಂತು ಚಪ್ಪಾಳೆ ಹೊಡೆದ್ರೂ ಅಲ್ಲಾಡ್ಲಿಲ್ಲ. ಹಾರ್ಟಲ್ಲಿ ಸಣ್ಣ ಸದ್ದು ಇತ್ತು, ಆದ್ರೆ ಮನೇಲಿ ನಿದ್ದೇಲಿದ್ದಾಗ ಉಸಿರು ಎಣಿಸಿ ಅಂದ್ರೆ ಮೇಷ್ಟ್ರು ಮೂರು ದಿನ ಎಣಿಸಿ ನಿಮಿಷಕ್ಕೆ 20, 22, 21 ಅಂತ ಬರ್ಕೊಂಡು ಬಂದ್ರು, 30 ದಾಟದೇ ಇದ್ರೆ ನಾನು ಸದ್ಯಕ್ಕೆ ಹಾರ್ಟ್ ಬಿಟ್ಟು ಬೇರೆ ಕಡೆ ನೋಡ್ತೀನಿ. ರಕ್ತದಲ್ಲಿ ಕಿಡ್ನಿ, ಲಿವರ್, ಶುಗರ್, ಥೈರಾಯ್ಡ್ ಸರಿ ಇತ್ತು. ಉಚ್ಚೆಯಲ್ಲಿ ಇನ್‌ಫೆಕ್ಷನ್ ಸಿಕ್ತು. ದೇವರ ಕೋಣೆ ಹೊಸ್ತಿಲಿಗೆ ಅದೇ ಕಾರಣ, ಮರೆವಲ್ಲ.

ಹಾಗಾಗಿ ಮೊದಲ ಎರಡು ವಾರ ನಾನು ಮಿದುಳಿಗೆ ಅಂತ ಏನೂ ಕೊಡ್ಲಿಲ್ಲ. ಉಚ್ಚೆಗೆ ಆಂಟಿಬಯಾಟಿಕ್, ಸೊಂಟದ ನೋವಿಗೆ ನಾಯಿಗಳ ಮೆಲಾಕ್ಸಿಕಾಮ್ ಸಿರಪ್ಪು, ಕೆಜಿಗೆ 0.1 ಮಿ.ಗ್ರಾಂ ಲೆಕ್ಕ, ಅಂದ್ರೆ ದಿನಕ್ಕೆ ಒಂದು ಸಲ ಹೆಚ್ಚು ಕಮ್ಮಿ 0.86 ಮಿ.ಗ್ರಾಂ, ಊಟ ಆದ್ಮೇಲೆ. ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಿದೀನಿ ಅಂದ್ರೆ ಮೆಡಿಕಲ್ ಶಾಪಲ್ಲಿ ಸಿಗೋ ಮನುಷ್ಯರ ಮೆಲಾಕ್ಸಿಕಾಮ್ 7.5 ಮಿ.ಗ್ರಾಂ ಮಾತ್ರೆ, ಹೆಸರು ಒಂದೇ ಅಂತ ಅದನ್ನ ಒಂದು ಕೊಟ್ರೆ ಪಿಂಕಿಗೆ ಎಂಟು ಪಟ್ಟಿಗೂ ಜಾಸ್ತಿ, ಹೊಟ್ಟೇಲಿ ಹುಣ್ಣಾಗಿ ಕಿಡ್ನಿನೂ ಹೋಗಬಹುದು. ಜೊತೆಗೆ ಮೇಷ್ಟ್ರಿಗೆ ಒಂದು ನೋಟ್‌ಬುಕ್ ಇಡೋಕೆ ಹೇಳ್ದೆ. ಎಷ್ಟೊತ್ತಿಗೆ ಎದ್ಲು, ಎಷ್ಟೊತ್ತು ಓಡಾಡಿದ್ಲು, ಒಳಗೆ ಉಚ್ಚೆ ಇತ್ತಾ, ಆಗ ನೀವೇನು ಮಾಡಿದ್ರಿ, ಹಗಲಲ್ಲಿ ಎಷ್ಟು ಮಲಗಿದ್ಲು. ಸಾಮಾನ್ಯವಾಗಿ ಜನ ನಾಲ್ಕು ದಿನ ಬರ್ದು ಬಿಡ್ತಾರೆ. ಇವರು ಲೆಕ್ಕದ ಮೇಷ್ಟ್ರು, ಸ್ಕೇಲಲ್ಲಿ ಗೆರೆ ಎಳೆದು ಕಾಲಂ ಮಾಡಿ ಹದಿನಾಲ್ಕು ತಿಂಗಳು ಬರ್ದಿದ್ದಾರೆ, ನನ್ನ ಸರ್ವೀಸಲ್ಲಿ ಇಂಥ ರೆಕಾರ್ಡ್ ಇನ್ನೊಂದು ನೋಡಿಲ್ಲ.

ಔಷಧಿ ಶುರು ಮಾಡೋ ಮುಂಚಿನ ಹದಿನಾಲ್ಕು ರಾತ್ರಿಲಿ, ಅವರ ನೆನಪಿನ ಪ್ರಕಾರ, ಹನ್ನೊಂದು ರಾತ್ರಿ ಓಡಾಟ, ಪ್ರತಿ ಸಲ ಎರಡೂವರೆ ಗಂಟೆ ಮೇಲೆ. ನೋವು ಮತ್ತು ಉಚ್ಚೆ ನೋಡ್ಕೊಂಡ ಮೇಲಿನ ಹದಿನಾಲ್ಕರಲ್ಲಿ ಹತ್ತು ರಾತ್ರಿ, ಆದ್ರೆ ಒಂದೂ ಮುಕ್ಕಾಲು ಗಂಟೆ. ಒಳಗೆ ಉಚ್ಚೆ ಮಾಡೋದು ಪೂರ್ತಿ ನಿಂತಿತ್ತು. ಎದ್ದು ಓಡಾಡಿದ್ರೂ ಮಲಗೋಕೆ ಹೋದಾಗ ಮಲಗ್ತಾಳೆ ಅಂದ್ರು ಅಮ್ಮ. ಅಂದ್ರೆ ಒಂದು ಭಾಗ ನೋವಿನದು, ಅದು ಹೋಯ್ತು. ಉಳಿದದ್ದು ಮಿದುಳಿನದು.

ಆ ಮಿದುಳಲ್ಲಿ ಏನಾಗ್ತಿದೆ ಅಂತ ಸ್ವಲ್ಪ ಹೇಳ್ತೀನಿ. ಮನುಷ್ಯರ ಅಲ್ಜೈಮರ್‌ನಲ್ಲಿ ಕಾಣೋ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಮುದಿ ನಾಯಿಗಳ ಮಿದುಳಲ್ಲೂ ಗಟ್ಟಿಯಾಗಿ ಸೇರ್ಕೊಳ್ಳುತ್ತೆ, ಮಿದುಳು ಕುಗ್ಗುತ್ತೆ, ಒಳಗಿನ ನೀರಿನ ಜಾಗ ಅಗಲ ಆಗುತ್ತೆ. ನಿದ್ದೆ ವಿಷಯದಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯವರು 2023ರಲ್ಲಿ ಮುದಿ ನಾಯಿಗಳ ತಲೆಗೆ ಮಿದುಳಿನ ಅಲೆ ಅಳೆಯೋ ಇಇಜಿ ಎಲೆಕ್ಟ್ರೋಡ್ ಅಂಟಿಸಿ ನೋಡಿದ್ರು, ಅರಳು ಮರಳು ಜಾಸ್ತಿ ಇರೋ ನಾಯಿಗಳು ಗಾಢ ನಿದ್ದೆಲೂ ಕನಸಿನ ನಿದ್ದೆಲೂ ಕಮ್ಮಿ ಹೊತ್ತು ಇರ್ತವೆ ಅಂತ ಸಿಕ್ತು. ಅಂದ್ರೆ ಪಿಂಕಿ ರಾತ್ರಿ ಎದ್ದೇಳೋದು ಹಟ ಅಲ್ಲ, ಹಗಲು ಮಲಗಿದ್ದು ಸಾಕಾಯ್ತು ಅಂತಷ್ಟೇ ಅಲ್ಲ, ನಿದ್ದೆಯ ಯಂತ್ರವೇ ಸವೆದಿದೆ. ಸವೆದ ಯಂತ್ರಕ್ಕೆ ಹೊರಗಿನಿಂದ ಆಸರೆ ಕೊಡ್ಬಹುದು, ಬೆಳಕು, ಊಟದ ಹೊತ್ತು, ಓಡಾಟದ ಹೊತ್ತು. ನನ್ನ ಕೆಲಸ ಶುರುವಾಗಿದ್ದು ಇಲ್ಲಿಂದ, ಮತ್ತೆ ನಿಜ ಹೇಳ್ಬೇಕಂದ್ರೆ ಮಾತ್ರೆಗಿಂತ ಜಾಸ್ತಿ ಫಲ ಸಿಕ್ಕಿದ್ದೂ ಇಲ್ಲಿಂದಾನೇ.

ನೋಟ್‌ಬುಕ್ಕಿನ ಹಗಲಿನ ಕಾಲಂ ನೋಡಿ ನಗು ಬಂತು. ಬೆಳಗ್ಗೆ ಹತ್ತಕ್ಕೆ ಮಲಗಿದ ಪಿಂಕಿ ಸಂಜೆ ಆರಕ್ಕೆ ಏಳ್ತಿತ್ತು, ಪಾಪ ರಾತ್ರಿ ನಿದ್ದೆ ಇಲ್ಲ ಮಲಗ್ಲಿ ಅಂತ ಮನೇಲಿ ಎಲ್ಲರೂ ಪಿಸು ಮಾತಾಡ್ತಿದ್ರು, ಕಿವುಡು ನಾಯಿಗೆ! ರಾತ್ರಿ ಊಟ ಸೀರಿಯಲ್ ಎಲ್ಲ ಮುಗಿದು ಒಂಬತ್ತೂವರೆಗೆ. ಹತ್ತಕ್ಕೆ ಲೈಟ್ ಆಫ್, ಕಗ್ಗತ್ತಲು. ಇನ್ನೊಂದು ಕಾಲಂ ಇನ್ನೂ ಚೆನ್ನಾಗಿತ್ತು, "ಆಗ ಮಾಡಿದ್ದೇನು" ಅನ್ನೋದ್ರಲ್ಲಿ ದಿನಾ ರಾತ್ರಿ ಎರಡು ಗಂಟೆಗೆ "ಮಾರಿ ಬಿಸ್ಕೆಟ್ 2, ಮಡದಿ" ಅಂತ ಬರ್ದಿದ್ರು ಮೇಷ್ಟ್ರು. ಮೊದಲ ವಾರ ಎರಡೂಕಾಲಿಗೆ ಏಳ್ತಿದ್ದ ಪಿಂಕಿ ಮೂರನೇ ವಾರಕ್ಕೆ ಸರಿಯಾಗಿ ಒಂದು ಐವತ್ತಕ್ಕೆ ಏಳ್ತಿತ್ತು. ಅರಳು ಮರಳು ಬಂದ ನಾಯಿ ಬಾಗಿಲು ಮರೀಬಹುದು, ಬಿಸ್ಕೆಟ್ ಮರೆಯಲ್ಲ.

ಬದಲಾಯಿಸಿದ್ದು ಹೀಗೆ. ಬೆಳಗ್ಗೆ ಏಳೂವರೆಗೆ, ಬಿಸಿಲು ಬಿದ್ದ ಮೇಲೆ, ಬೀದಿ ತುದಿವರೆಗೆ ಹದಿನೈದು ನಿಮಿಷ. ನಡಿಗೆ ದೂರ ಮುಖ್ಯ ಅಲ್ಲ, ಮೂಸೋದು ಮುಖ್ಯ, ಕಣ್ಣು ಕಿವಿ ಹೋದ ನಾಯಿಗೆ ಮೂಗೊಂದೇ ಪೇಪರ್ ಓದಿದ ಹಾಗೆ, ಒಂದೇ ಕಂಬ ಐದು ನಿಮಿಷ ಮೂಸಿದ್ರೂ ಎಳೀಬೇಡಿ ಅಂದೆ. ಹನ್ನೆರಡಕ್ಕೊಂದು ಸಲ, ಮೂರೂವರೆಗೊಂದು ಸಲ ಎಬ್ಬಿಸೋದು. ಕಿವುಡು ನಾಯಿನ ಮುಟ್ಟಿ ಎಬ್ಬಿಸಿದ್ರೆ ಬೆಚ್ಚಿ ಕಚ್ಚಬಹುದು, ಅದಕ್ಕೆ ಮೂಗಿನ ಹತ್ರ ಕೈ ಹಿಡೀಬೇಕು, ವಾಸನೆಗೆ ತಾನೇ ಏಳ್ತದೆ. ಎದ್ದ ಮೇಲೆ ಹತ್ತು ನಿಮಿಷ ಕೆಲಸ. ಹಳೇ ಟವೆಲ್ ಸುರುಳಿ ಸುತ್ತಿ ಮಧ್ಯೆ ಮಧ್ಯೆ ಬೇಯಿಸಿದ ಮೊಟ್ಟೆ ಚೂರು ಇಟ್ಟು ಹುಡುಕ್ಲಿ ಅಂತ ಬಿಡೋದು. ಮೇಷ್ಟ್ರ ಮನೆ ಶುದ್ಧ ಸಸ್ಯಾಹಾರ, ಪಿಂಕಿ ಮೊಟ್ಟೆಗೆ ಹಿತ್ತಲಲ್ಲಿ ಬೇರೆ ಸ್ಟವ್ ಬೇರೆ ಪಾತ್ರೆ, ಅದನ್ನ ಬೇಯಿಸೋದು ಮೇಷ್ಟ್ರ ಕೆಲಸ. ಸಂಜೆ ಐದೂವರೆಗೆ, ಕತ್ತಲಾಗೋ ಮುಂಚೆ, ಇನ್ನೊಂದು ಸುತ್ತು. ಊಟ ಏಳಕ್ಕೆ. ನೀರು ಯಾವಾಗ್ಲೂ ಇರಬೇಕು, ರಾತ್ರಿ ಉಚ್ಚೆ ಆಗುತ್ತೆ ಅಂತ ನೀರಿನ ಬಟ್ಟಲು ಎತ್ತಿಡೋರು ಇದಾರೆ, ಮುದಿ ಕಿಡ್ನಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಹತ್ತೂಕಾಲಿಗೆ ಹಿತ್ತಲಲ್ಲಿ ಅದೇ ದಾಸವಾಳದ ಗಿಡದ ಹತ್ರ ಕೊನೇ ಉಚ್ಚೆ, ಒಳಗೆ ಬಂದ ತಕ್ಷಣ ಎರಡು ಚಮಚ ಅನ್ನ ಮೊಟ್ಟೆ. ಅಮ್ಮನ ಬಿಸ್ಕೆಟ್ ಪ್ರೀತಿನ ನಾನು ಕಿತ್ಕೊಳ್ಲಿಲ್ಲ, ನಾಲ್ಕು ಗಂಟೆ ಹಿಂದಕ್ಕೆ ತಂದೆ ಅಷ್ಟೇ. ಹಸಿವಿಗೆ ಎಚ್ಚರ ಆಗೋದು ಇದ್ರಿಂದ ತಪ್ಪುತ್ತೆ.

ಮನೆ ಒಳಗೆ ಮಾಡಿದ್ದು ಇನ್ನೂ ಸಣ್ಣ ಕೆಲಸ. ಟೈಲ್ಸ್ ಮೇಲೆ ಹಿಂಗಾಲು ಜಾರುತ್ತೆ, ಜಾರೋ ಭಯಕ್ಕೆ ನಾಯಿ ನಿಲ್ಲೋದೇ ಇಲ್ಲ, ನಡೀತಾನೇ ಇರುತ್ತೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಸಾಲಾಗಿ ನಾರಿನ ಮ್ಯಾಟು ಹಾಕಿ ದಾರಿ ಮಾಡಿದ್ವಿ, ಎರಡೇ ದಿನಕ್ಕೆ ಕಾಲಿಗೇ ದಾರಿ ಗೊತ್ತಾಯ್ತು. ಬೀರು ಹಿಂದೆ, ಹೊಲಿಗೆ ಮಿಷನ್ ಕೆಳಗೆ ರಟ್ಟು ಕಟ್ಟಿ ಮುಚ್ಚಿದ್ರು. ಹಾಲಲ್ಲಿ ರಾತ್ರಿ ಎಲ್ಲ ಜೀರೋ ಬಲ್ಬ್. ಪಿಂಕಿ ಹಾಸಿಗೆ ಹಾಲಿಂದ ಅಮ್ಮನ ಮಂಚದ ಪಕ್ಕಕ್ಕೆ ಬಂತು, ಹಾಸಿಗೆ ಮೇಲೆ ಅಮ್ಮನ ಹಳೇ ಸೀರೆ, ಒಗೀಬೇಡಿ ಅಂದಿದ್ದೆ, ಆಮೇಲೆ ಒಂದು ಸಲ ಕೆಲಸದವಳು ಒಗೆದು ಅವತ್ತು ರಾತ್ರಿ ಎರಡು ಗಂಟೆ ಓಡಾಟ ಅಂತ ನೋಟ್‌ಬುಕ್ಕಲ್ಲಿ ಇದೆ. ಒಂದೇ ರಾತ್ರಿ ಮೇಲೆ ನಾನು ತೀರ್ಮಾನ ಮಾಡಲ್ಲ, ಅಮ್ಮ ಮಾಡಿದಾರೆ.

ಆದ್ರೂ ಎದ್ರೆ ಏನ್ ಮಾಡೋದು? ಟ್ಯೂಬ್‌ಲೈಟ್ ಹಾಕ್ಬೇಡಿ, ಬೈಬೇಡಿ, ತಿನ್ನೋಕೆ ಕೊಡ್ಬೇಡಿ. ಬೆಲ್ಟ್ ಹಾಕಿ ದಾಸವಾಳದ ಹತ್ರ ಮೂರು ನಿಮಿಷ, ವಾಪಸ್ ಹಾಸಿಗೆ, ಎದೆ ಪಕ್ಕ ಅಂಗೈ ಒತ್ತಿ ಐದು ನಿಮಿಷ ಕೂರಿ. ಅಷ್ಟಕ್ಕೂ ಮಲಗದಿದ್ರೆ ಬಿಟ್ಬಿಡಿ, ನಡೀಲಿ. ಕಿವಿ ಬಾಲ ಸಡಿಲ ಇದ್ದು ಸುಮ್ನೆ ನಡೀತಿದ್ರೆ ಅದು ಅಷ್ಟು ಸಂಕಟ ಅಲ್ಲ, ನಮಗೆ ನಿದ್ದೆ ಇಲ್ಲದೇ ಇರೋದು ಬೇರೆ ಸಂಕಟ. ಏದುಸಿರು, ಕುಯ್‌ಗುಡೋದು, ನಡುಕ, ಹಿಂಗಾಲು ಮಡಿಸೋಕಾಗ್ದೆ ಏಳೋದು ಕಂಡ್ರೆ ಮಾತ್ರ ನನಗೆ ಫೋನ್ ಮಾಡಿ ಅಂದೆ.

ಇದೆಲ್ಲ ಶುರು ಮಾಡಿ ಮೂರು ವಾರ ಆದ್ಮೇಲಿನ ಹದಿನಾಲ್ಕು ರಾತ್ರಿಲಿ ಆರು ರಾತ್ರಿ ಓಡಾಟ, ಪ್ರತಿ ಸಲ ಐವತ್ತು ನಿಮಿಷದ ಆಸುಪಾಸು. ಇಷ್ಟು ಹೊತ್ತಿಗೆ ಮಿದುಳಿಗೆ ಅಂತ ಒಂದು ಮಾತ್ರೆನೂ ಕೊಟ್ಟಿರಲಿಲ್ಲ.

ಆಮೇಲೆ ಮಾತ್ರೆ. ಸೆಲೆಜಿಲಿನ್ ಅಂತ, ಮನುಷ್ಯರಿಗೆ ಪಾರ್ಕಿನ್ಸನ್ಸ್‌ಗೆ ಕೊಡೋದು, ಅಮೆರಿಕದಲ್ಲಿ 1998ರಿಂದ ನಾಯಿಗಳ ಅರಳು ಮರಳಿಗೂ ಒಪ್ಪಿಗೆ ಇದೆ. ಕೆಜಿಗೆ ಅರ್ಧದಿಂದ ಒಂದು ಮಿ.ಗ್ರಾಂ, ಪಿಂಕಿಗೆ 5 ಮಿ.ಗ್ರಾಂ ಒಂದು ಮಾತ್ರೆ, ಬೆಳಗ್ಗೆ ಮಾತ್ರ, ರಾತ್ರಿ ಕೊಟ್ರೆ ಅದೇ ಎಬ್ಬಿಸುತ್ತೆ. ನಾಲ್ಕರಿಂದ ಆರು ವಾರ ಕಾಯ್ಬೇಕು, ಎಲ್ಲ ನಾಯಿಗೂ ಕೆಲಸ ಮಾಡಲ್ಲ. ಇದನ್ನ ಬರೆಯೋ ಮುಂಚೆ ನಾನು ಕೇಳಿದ್ದು, ಉಣ್ಣಿಗೆ ಏನ್ ಹಾಕ್ತೀರಿ? ನಮ್ಮ ಮಲೆನಾಡಲ್ಲಿ ಉಣ್ಣಿ ಇಲ್ದಿರೋ ನಾಯಿ ಎಲ್ಲಿದೆ. ಮೇಷ್ಟ್ರು ಬಚ್ಚಲ ಮನೆಯಿಂದ ಬಾಟ್ಲಿ ಫೋಟೋ ಕಳಿಸಿದ್ರು, ಅಮಿಟ್ರಾಜ್. ನೀರಿಗೆ ಹಾಕಿ ಮೈ ತೊಳೆಯೋದು, ಎಲ್ಲ ಕಡೆ ಸಿಗುತ್ತೆ, ಅಗ್ಗ. ಸೆಲೆಜಿಲಿನ್ ಮಿದುಳಲ್ಲಿ ಯಾವ ಎನ್‌ಜೈಮನ್ನ ತಡೆಯುತ್ತೋ ಆ ಜಾತಿನೇ ಅಮಿಟ್ರಾಜೂ ತಡೆಯುತ್ತೆ, ಎರಡೂ ಒಟ್ಟಿಗೆ ಕೊಡಲೇಬಾರದು. ಬಾಟ್ಲಿ ಬಿಸಾಕ್ಸಿ, ಬೇರೆ ಉಣ್ಣಿ ಮಾತ್ರೆಗೆ ಬದಲಾಯಿಸಿ, ಎರಡು ವಾರ ಬಿಟ್ಟು ಶುರು ಮಾಡಿದೆ. ನೋವಿಗೆ ಟ್ರಾಮಡಾಲ್ ಕೊಡ್ತಿದ್ರೂ, ಮನಸ್ಸಿನ ಕಾಯಿಲೆ ಮಾತ್ರೆ ಕೊಡ್ತಿದ್ರೂ ಇದೇ ಎಚ್ಚರಿಕೆ.

ರಾತ್ರಿಗೆ ಮೆಲಟೋನಿನ್ 3 ಮಿ.ಗ್ರಾಂ, ಮಲಗೋಕೆ ಅರ್ಧ ಗಂಟೆ ಮುಂಚೆ. ಮಕ್ಕಳ ಮಿಠಾಯಿ ಥರ ಸಿಗೋ ಗಮ್ಮೀಸ್ ತರಬೇಡಿ ಅಂತ ಬರ್ದು ಕೊಟ್ಟೆ, ಕೆಲವದ್ರಲ್ಲಿ ಜೈಲಿಟಾಲ್ ಅನ್ನೋ ಸಿಹಿ ಇರುತ್ತೆ, ನಾಯಿಗೆ ಅದು ವಿಷ. ಸೊಂಟಕ್ಕೂ ರಾತ್ರಿ ಚಡಪಡಿಕೆಗೂ ಸೇರಿ ಗ್ಯಾಬಾಪೆಂಟಿನ್ 100 ಮಿ.ಗ್ರಾಂ ಒಂದು ಕ್ಯಾಪ್ಸೂಲು. ಇಲ್ಲೊಂದು ಎಡವಟ್ಟು ತಪ್ಪಿತು. ಅಂಗಡಿಯವನು ಅದೇ ಹೆಸರಿಂದ ಶುರುವಾಗೋ ಬೇರೆ ಮಾತ್ರೆ ಕೊಟ್ಟಿದ್ದ, ಗ್ಯಾಬಾಪೆಂಟಿನ್ ಜೊತೆ ನಾರ್‌ಟ್ರಿಪ್ಟಿಲಿನ್ ಸೇರಿರೋದು. ನಮ್ಮ ದೇಶದಲ್ಲಿ ಮನುಷ್ಯರ ನರದ ನೋವಿಗೆ ಈ ಜೋಡಿ ಬಹಳ ಓಡುತ್ತೆ, ಆದ್ರೆ ಸೆಲೆಜಿಲಿನ್ ತಗೊಳ್ಳೋ ನಾಯಿಗೆ ನಾರ್‌ಟ್ರಿಪ್ಟಿಲಿನ್ ಬಿದ್ರೆ ಮೈ ಕಾದು ನಡುಕ ಬಂದು ಫಿಟ್ಸ್‌ವರೆಗೂ ಹೋಗಬಹುದು. ಸ್ಟ್ರಿಪ್ ಫೋಟೋ ಕಳಿಸಿದ ಮೇಲೇ ಕೊಡಿ ಅಂತ ಹೇಳಿದ್ದಕ್ಕೆ ಉಳೀತು. ಅವತ್ತಿಂದ ನಾನು ಎಲ್ಲರಿಗೂ ಸ್ಟ್ರಿಪ್ ಹಿಂಭಾಗದ ಫೋಟೋ ಕೇಳ್ತೀನಿ, ಮುಂಭಾಗದ್ದಲ್ಲ.

ಮಗಳು ಎಲ್ಲೋ ಓದಿ ಕೊಬ್ಬರಿ ಎಣ್ಣೆ ದಿನಾ ಎರಡು ಚಮಚ ಶುರು ಮಾಡಿಸಿದ್ಲು, ಮೂರನೇ ದಿನಕ್ಕೆ ಪಿಂಕಿಗೆ ಭೇದಿ. ಮುದಿ ಮಿದುಳಿಗೆ ಸಕ್ಕರೆ ಬದಲು ಇಂಧನ ಆಗೋದು ಎಂಸಿಟಿ ಅನ್ನೋ ಕೊಬ್ಬು, ಅದಕ್ಕೆ ಪರೀಕ್ಷೆ ಆಗಿದೆ, ಸಿದ್ಧ ಆಹಾರವೂ ಇದೆ. ಆದ್ರೆ ನಮ್ಮ ಗಾಣದ ಎಣ್ಣೆಯಲ್ಲಿ ಬೇಕಾದ ಭಾಗ ಸ್ವಲ್ಪವೇ, ಉಳಿದದ್ದು ಬರೀ ಕೊಬ್ಬು, ಸಣ್ಣ ನಾಯಿಯ ಪ್ಯಾಂಕ್ರಿಯಾಸ್‌ಗೆ ಅಪಾಯ. ನಿಲ್ಲಿಸಿದ್ವಿ.

ಆರು ವಾರದ ಮೇಲೆ ಹದಿನಾಲ್ಕರಲ್ಲಿ ನಾಲ್ಕು ರಾತ್ರಿ, ಅರ್ಧ ಗಂಟೆ ಮುಕ್ಕಾಲು ಗಂಟೆ. ಇದರಲ್ಲಿ ಯಾವ ಮಾತ್ರೆ ಎಷ್ಟು ಮಾಡ್ತು ಅಂತ ನಾನು ಹೇಳೋಕಾಗಲ್ಲ, ಮೂರೂ ಹತ್ತಿರ ಹತ್ತಿರ ಶುರು ಮಾಡಿದ್ದು ನನ್ನ ತಪ್ಪು, ಒಂದೊಂದೇ ಕೊಟ್ಟು ನೋಡ್ಬೇಕಿತ್ತು. ಮೇಷ್ಟ್ರೂ ಇದನ್ನೇ ಹೇಳಿದ್ರು, "ಏನು ಡಾಕ್ಟ್ರೇ, ಒಂದು ಸಮೀಕರಣಕ್ಕೆ ಮೂರು ಅಜ್ಞಾತ ಸೇರಿಸಿದ್ರಲ್ಲ" ಅಂತ. ಗೇಟ್ ಸದ್ದಿಗೆ ಏಳದಿದ್ರೂ, ಮೇಷ್ಟ್ರು ಪಕ್ಕ ಬಂದು ಕೂತ್ರೆ ಬಾಲ ಆಡಿಸೋದು ವಾಪಸ್ ಬಂತು, ಅದು ಯುಗಾದಿ ಮುಂಚೆ ನಿಂತು ಹೋಗಿತ್ತು.

ಮಳೆಗಾಲ ಬಂತು, ಎಲ್ಲ ಕೆಡ್ತು. ಜೂನ್ ಕೊನೇ ವಾರದಿಂದ ಬೆಳಗಿನ ಬಿಸಿಲಿಲ್ಲ, ವಾಕಿಂಗ್ ಇಲ್ಲ, ರಾತ್ರಿ ಕರೆಂಟ್ ಹೋದ್ರೆ ಜೀರೋ ಬಲ್ಬೂ ಇಲ್ಲ. ಹದಿನಾಲ್ಕರಲ್ಲಿ ಒಂಬತ್ತು ರಾತ್ರಿ. ಮೇಷ್ಟ್ರು ರೋಗ ಜಾಸ್ತಿಯಾಯ್ತು ಮಾತ್ರೆ ಜಾಸ್ತಿ ಮಾಡಿ ಅಂದ್ರು, ನಾನು ನೋಟ್‌ಬುಕ್ ತನ್ನಿ ಅಂದೆ. ಕರೆಂಟ್ ಹೋದ ರಾತ್ರಿಗಳಿಗೆ ಅವರೇ ಒಂದು ಚುಕ್ಕೆ ಇಟ್ಟಿದ್ರು, ಒಂಬತ್ತರಲ್ಲಿ ಏಳಕ್ಕೆ ಚುಕ್ಕೆ. ಮಾತ್ರೆ ಮುಟ್ಟಲಿಲ್ಲ. ಕರೆಂಟ್ ಹೋದ್ರೆ ತಾನೇ ಹತ್ತೋ ಎಮರ್ಜೆನ್ಸಿ ಬಲ್ಬು ಒಂದು ತಂದ್ರು, ಬೆಳಗ್ಗೆ ವಾಕಿಂಗ್ ಬದಲು ಜಗುಲಿ ಮೇಲೆ ಲೈಟ್ ಹಾಕಿ ಇಪ್ಪತ್ತು ನಿಮಿಷ ಟವೆಲ್ ಆಟ. ಆಗಸ್ಟ್‌ಗೆ ಐದು ರಾತ್ರಿಗೆ ಇಳೀತು. ಆಮೇಲೆ ಮೊಮ್ಮಗನ ನಾಮಕರಣಕ್ಕೆ ನೆಂಟರು ಬಂದು ಐದು ದಿನ ಸೋಫಾ ಜಾಗ ಬದಲಾಯಿಸಿ ಮ್ಯಾಟು ಎತ್ತಿಟ್ಟಿದ್ರು, ಆ ಐದೂ ರಾತ್ರಿ ಮನೇಲಿ ಯಾರೂ ಮಲಗಿಲ್ಲ, ನೆಂಟರೂ ಸೇರಿ.

ಅಲ್ಲಿಂದ ಈ ದೀಪಾವಳಿವರೆಗೂ ಹೆಚ್ಚು ಕಮ್ಮಿ ಅಲ್ಲೇ ನಿಂತಿತ್ತು. ಈ ರೋಗ ನಿಲ್ಲಲ್ಲ, ಮುಂದಕ್ಕೇ ಹೋಗೋದು, ನಾವು ಮಾಡೋದೆಲ್ಲ ಅದರ ಮೇಲಿನ ಹೊದಿಕೆ. ಡಿಸೆಂಬರ್‌ನಲ್ಲಿ ಪಿಂಕಿ ಮ್ಯಾಟಿನ ದಾರಿ ಬಿಟ್ಟು ಹೋಗೋಕೆ ಶುರು ಮಾಡ್ತು, ಊಟದ ಬಟ್ಟಲು ಮುಂದಿದ್ರೂ ಹುಡುಕುತ್ತೆ, ಬಾಯಿಗೆ ಹಿಡಿದ್ರೆ ತಿನ್ನುತ್ತೆ. ಸೊಂಟ ಮತ್ತೆ ನೋಡ್ದೆ, ಉಚ್ಚೆ ಮತ್ತೆ ಟೆಸ್ಟ್ ಮಾಡ್ದೆ, ಕಿಡ್ನಿ ರೀಡಿಂಗ್ ಸ್ವಲ್ಪ ಏರಿತ್ತು, ಮೆಲಾಕ್ಸಿಕಾಮ್ ನಿಲ್ಲಿಸಿ ಗ್ಯಾಬಾಪೆಂಟಿನ್ ಎರಡು ಹೊತ್ತು ಮಾಡ್ದೆ. ತೂಕ 7.9.

ಅವತ್ತೇ ಮೂವರೂ ಕೂತು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮೂರು ಸಾಲು ಬರ್ದ್ವಿ, ನೆಮ್ಮದಿ ಇರೋವಾಗ್ಲೇ ಬರೀಬೇಕು, ರಾತ್ರಿ ಮೂರಕ್ಕೆ ಅಳ್ತಾ ತೀರ್ಮಾನ ಮಾಡೋದಲ್ಲ. ಕೈಯಾರೆ ಕೊಟ್ರೂ ಎರಡು ದಿನ ತಿನ್ನದೇ ಇದ್ರೆ. ಔಷಧಿ ಕೊಟ್ಟೂ ವಾರದಲ್ಲಿ ನಾಲ್ಕು ರಾತ್ರಿಗಿಂತ ಜಾಸ್ತಿ ಏದುಸಿರು ಬಿಟ್ಕೊಂಡು ಕೂಗಿದ್ರೆ. ಅಮ್ಮ ಮುಟ್ಟಿದ್ರೆ ಸಮಾಧಾನ ಆಗೋ ಬದಲು ಹೆದರಿದ್ರೆ. ಮೂರರಲ್ಲಿ ಎರಡಾದ್ರೆ ಮನೆಗೇ ಬಂದು ಇಂಜೆಕ್ಷನ್ ಕೊಟ್ಟು ಮಲಗಿಸ್ತೀನಿ ಅಂತ ನಾನು ಒಪ್ಕೊಂಡೆ. ಮೂರನೇ ಸಾಲು ಅಮ್ಮ ಬರೆಸಿದ್ದು, ಮೇಷ್ಟ್ರು ಬರ್ದು ಕನ್ನಡಕ ತೆಗೆದು ಒರೆಸ್ಕೊಂಡ್ರು.

ನಿನ್ನೆ ಬೆಳಗ್ಗೆ ಮೇಷ್ಟ್ರು ಫೋನ್ ಮಾಡಿದ್ರು. ಎರಡನೇ ಸಾಲು ಈ ವಾರ ಐದಾಗಿದೆ, ಒಂದನೇದು ಇಲ್ಲ, ಮೊಟ್ಟೆ ತಿಂದಿದ್ದಾಳೆ, ಮೂರನೇದನ್ನ ನನ್ನ ಹೆಂಡತಿ ಹೇಳ್ತಾ ಇಲ್ಲ ಅಂದ್ರು. ಶುಕ್ರವಾರ ಸಂಜೆ ಕ್ಲಿನಿಕ್ ಮುಗಿಸ್ಕೊಂಡು ಬರ್ತೀನಿ, ನಾನೇ ನೋಡ್ತೀನಿ ಅಂದೆ. ಏಳಕ್ಕೆ ಬೇಡ ಅವಳ ಊಟದ ಹೊತ್ತು, ಆರಕ್ಕೆ ಬನ್ನಿ ಅಂದ್ರು.